ನಕಲು ನಿಂತ ರಾತ್ರಿ ತೆರೆಯಬೇಕಾದ ಪುಟ

2017ರ ಜನವರಿ 31ರ ರಾತ್ರಿ, ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಒಂದು ಸರ್ವರ್‌ನಲ್ಲಿದ್ದ ದತ್ತಾಂಶದ ಫೋಲ್ಡರನ್ನು ಅಳಿಸಲು ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಾವು ಕೂತಿರುವುದು ಬೇರೆ ಸರ್ವರ್‌ನಲ್ಲಿ ಎಂದು ಹೊಳೆದು ಅದನ್ನು ತಡೆದರು. ಅಷ್ಟರಲ್ಲಿ ಸುಮಾರು 300 ಜಿಬಿ ದತ್ತಾಂಶದಲ್ಲಿ ಉಳಿದದ್ದು 4.5 ಜಿಬಿ. ಅಳಿಸಬೇಕಿದ್ದದ್ದು ಕೆಲಸ ನಿಲ್ಲಿಸಿದ್ದ ನಕಲನ್ನು, ಅಳಿದದ್ದು ಅಸಲು.

ಜಗತ್ತಿನ ಸಾವಿರಾರು ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್. ಅವತ್ತಿನ ಘಟನೆಯನ್ನು ಕಂಪನಿ ನಿಮಿಷ ನಿಮಿಷದ ವಿವರದೊಂದಿಗೆ ತಾನೇ ಪ್ರಕಟಿಸಿತು. ಬೆಂಗಳೂರಿನಲ್ಲಿ ಆನ್-ಕಾಲ್ ಪಾಳಿ ಮಾಡುವವರು ಇವತ್ತಿಗೂ ಅದನ್ನು ಓದಬೇಕು. ಡೇಟಾಬೇಸ್‌ನ ರೆಪ್ಲಿಕೇಶನ್ ನಿಂತಾಗ ರಾತ್ರಿ ಎದ್ದವರು ಮೊದಲು ಏನು ನೋಡಬೇಕು, ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಬರೆದಿಡುವ ರನ್‌ಬುಕ್ ಪುಟಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೊದಲು ವಿಷಯ ತಿಳಿಯೋಣ. ದೊಡ್ಡ ತಾಣಗಳು ಡೇಟಾಬೇಸನ್ನು ಒಂದೇ ಯಂತ್ರದಲ್ಲಿ ಇಡುವುದಿಲ್ಲ. ಬರೆಯುವುದೆಲ್ಲ ಒಂದು ಯಂತ್ರದಲ್ಲಿ ನಡೆಯುತ್ತದೆ, ಅದು ಪ್ರೈಮರಿ. ಅದರ ನಕಲನ್ನು ಇನ್ನೊಂದು ಯಂತ್ರ ಸದಾ ಇಟ್ಟುಕೊಳ್ಳುತ್ತದೆ, ಅದು ರೆಪ್ಲಿಕಾ. ಗಿಟ್‌ಲ್ಯಾಬ್ ಬಳಸುತ್ತಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದು ಅಂಗಡಿಯ ರೋಜು ಪುಸ್ತಕದಂತೆ ನಡೆಯುತ್ತದೆ. ಪ್ರೈಮರಿ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ದಾಖಲೆಗೆ ಬರೆದುಕೊಳ್ಳುತ್ತದೆ. ರೆಪ್ಲಿಕಾ ಅದನ್ನೇ ತರಿಸಿಕೊಂಡು, ಬಂದ ಕ್ರಮದಲ್ಲೇ ತನ್ನಲ್ಲೂ ನಡೆಸುತ್ತದೆ. ಈ ದಾಖಲೆ 16 ಎಂಬಿಯ ತುಂಡು ತುಂಡು ಕಡತಗಳಲ್ಲಿರುತ್ತದೆ, ಹಳೆಯ ತುಂಡುಗಳನ್ನು ಪ್ರೈಮರಿ ಕಾಲಕಾಲಕ್ಕೆ ತೆಗೆದುಹಾಕುತ್ತದೆ. ರೆಪ್ಲಿಕಾ ಓದುವ ಮೊದಲೇ ಒಂದು ತುಂಡು ಹೋಯಿತೆಂದರೆ, ಮುಂದಿನದನ್ನು ಎಷ್ಟು ಕೊಟ್ಟರೂ ಅದು ಮುಂದೆ ಸಾಗದು.

ಅವತ್ತು ಆದದ್ದು ಇದೇ. ಸ್ಪ್ಯಾಮ್ ಹಾವಳಿಯಿಂದ ಪ್ರೈಮರಿಯ ಮೇಲೆ ಹೊರೆ ಹೆಚ್ಚಿತ್ತು. ರೆಪ್ಲಿಕಾ ಸುಮಾರು 4 ಜಿಬಿಯಷ್ಟು ಹಿಂದೆ ಬಿದ್ದು ನಿಂತಿತು. ಅದಕ್ಕೆ ಬೇಕಾದ ವಾಲ್ ತುಂಡುಗಳು ಪ್ರೈಮರಿಯಲ್ಲಿ ಅಷ್ಟರಲ್ಲೇ ಅಳಿದಿದ್ದವು. ಅವುಗಳನ್ನು ಬೇರೆಡೆ ಜೋಪಾನ ಮಾಡುವ ಏರ್ಪಾಡೂ ಇರಲಿಲ್ಲ. ಹೊಸದಾಗಿ ಪೂರ್ತಿ ನಕಲು ತೆಗೆಯುವುದೊಂದೇ ದಾರಿಯಾಯಿತು.

ಆ ಘಳಿಗೆಯಲ್ಲಿ ಬಳಕೆದಾರರಿಗೆ ಏನು ನಷ್ಟವಾಗಿತ್ತು? ರೆಪ್ಲಿಕಾ ನಿಂತ ಕಾರಣಕ್ಕೆ ಒಂದಕ್ಷರವೂ ಹೋಗಿರಲಿಲ್ಲ. ಪ್ರೈಮರಿ ಓಡುತ್ತಿತ್ತು, ದತ್ತಾಂಶ ಸುರಕ್ಷಿತವಾಗಿತ್ತು. ಪುಟದ ಮೊದಲ ಸಾಲಾಗಿ ನಾನು ಬರೆಯಿಸುವುದು ಇದನ್ನೇ: ನಕಲು ನಿಂತಿದೆ ಎಂದರೆ ಆಸರೆ ಹೋಗಿದೆ, ಮನೆ ಬಿದ್ದಿಲ್ಲ. ಇನ್ನು ಉಳಿದಿರುವುದು ಒಂದೇ ಪ್ರತಿ, ಆದ್ದರಿಂದ ಅದರ ಹತ್ತಿರ ಸುಳಿಯುವ ಪ್ರತಿ ಕೈಯೂ ಮೊದಲಿಗಿಂತ ನಿಧಾನವಾಗಬೇಕು. ಇದಕ್ಕೊಂದು ಅಪವಾದವಿದೆ. ರೆಪ್ಲಿಕಾ ಒಪ್ಪಿಗೆ ಕೊಟ್ಟ ಮೇಲೆಯೇ ಬರವಣಿಗೆ ಮುಗಿಯುವಂತೆ ಸಿಂಕ್ರನಸ್ ಆಗಿ ಜೋಡಿಸಿದ್ದರೆ, ನಕಲು ನಿಂತೊಡನೆ ಪ್ರೈಮರಿಯ ಬರವಣಿಗೆಯೂ ಕಾಯುತ್ತ ನಿಲ್ಲುತ್ತದೆ. ನಮ್ಮಲ್ಲಿ ಹಾಗಿದೆಯೋ ಇಲ್ಲವೋ ಎಂಬುದು ಪುಟದ ತಲೆಯಲ್ಲೇ ಇರಬೇಕು. ನಡುರಾತ್ರಿ ಅದನ್ನು ಹುಡುಕುವಂತಾಗಬಾರದು.

ಅದರ ನಂತರದ ಮೊದಲ ಕೆಲಸ, ನಾನೆಲ್ಲಿದ್ದೇನೆ ಎಂದು ಕೇಳುವುದು. ಗಿಟ್‌ಲ್ಯಾಬ್‌ನ ಯಂತ್ರಗಳ ಹೆಸರು db1.cluster.gitlab.com ಮತ್ತು db2.cluster.gitlab.com. ಒಂದಂಕಿಯ ವ್ಯತ್ಯಾಸ. ಹಲವು ಗಂಟೆ ದುಡಿದ ಕಣ್ಣಿಗೆ ಅದು ಕಾಣದಿದ್ದರೆ ಆಶ್ಚರ್ಯವಿಲ್ಲ. ಹಾಗಾಗಿ ಕಣ್ಣನ್ನು ನಂಬದೆ ಡೇಟಾಬೇಸನ್ನೇ ಕೇಳಬೇಕು:

```
SELECT pg_is_in_recovery();
```

ಉತ್ತರ `t` ಎಂದು ಬಂದರೆ ಇದು ರೆಪ್ಲಿಕಾ, `f` ಎಂದರೆ ಪ್ರೈಮರಿ. ಏನನ್ನಾದರೂ ಬದಲಿಸುವ ಆಜ್ಞೆಯ ಮುಂಚೆ ಪ್ರತಿ ಸಲವೂ ಇದನ್ನು ಕೇಳಿ, ಉತ್ತರವನ್ನು ಸಮಯದೊಂದಿಗೆ ಟಿಪ್ಪಣಿಗೆ ಬರೆಯಬೇಕು. ಎರಡು ಯಂತ್ರಗಳ ಪರದೆಗೂ ಬೇರೆ ಬೇರೆ ಬಣ್ಣ ಹಾಕಿಕೊಳ್ಳುವುದು ಒಳ್ಳೆಯದು, ಆದರೆ ಈ ಪ್ರಶ್ನೆಗೆ ಅದು ಬದಲಿಯಲ್ಲ.

ಎರಡನೆಯದು, ನಿಜಕ್ಕೂ ನಿಂತಿದೆಯೇ ಎಂಬ ಪರೀಕ್ಷೆ. ಇಲ್ಲಿ ಸುಳ್ಳು ಗಂಟೆ ಬಹಳ ಸಲ ಬಾರಿಸುತ್ತದೆ. ರೆಪ್ಲಿಕಾ ಕೊನೆಯದಾಗಿ ನಡೆಸಿದ ವ್ಯವಹಾರಕ್ಕೆ ಎಷ್ಟು ಹೊತ್ತಾಯಿತು ಎಂದು ಅಳೆದು ಎಚ್ಚರಿಸುವ ವ್ಯವಸ್ಥೆಗಳು ಸಾಮಾನ್ಯ. ಭಾನುವಾರ ಬೆಳಗಿನ ಜಾವ ಯಾರೂ ಏನೂ ಬರೆಯದಿದ್ದರೆ, ನಕಲು ಸರಿಯಾಗಿದ್ದರೂ ಆ ಅಂತರ ಬೆಳೆಯುತ್ತಲೇ ಹೋಗುತ್ತದೆ. ಆದ್ದರಿಂದ ಪ್ರೈಮರಿಗೆ ಹೋಗಿ ಇದನ್ನು ನೋಡಬೇಕು:

```
SELECT application_name, state, replay_lag
FROM pg_stat_replication;
```

`streaming` ಎಂದಿದ್ದರೆ ಹರಿವು ಇದೆ. `catchup` ಎಂದರೆ ಹಿಂದೆ ಬಿದ್ದು ಹಿಡಿಯಲು ಓಡುತ್ತಿದೆ, ಅದನ್ನು ಓಡಲು ಬಿಡಬೇಕು. ರೆಪ್ಲಿಕಾದ ಸಾಲೇ ಇಲ್ಲದಿದ್ದರೆ ಸಂಪರ್ಕ ಕಡಿದಿದೆ. ಹರಿವು ಇದ್ದೂ ಅಂತರ ಏರುತ್ತಿದ್ದರೆ, ರೆಪ್ಲಿಕಾದಲ್ಲಿ ಯಾರೋ ಹೂಡಿದ ದೊಡ್ಡ ವರದಿಯ ಪ್ರಶ್ನೆ ದಾರಿಗೆ ಅಡ್ಡ ಕೂತಿರಬಹುದು. ಅಥವಾ ಹಗಲು ಯಾರೋ ಬೇಕೆಂದೇ ತಡೆದು, ಮತ್ತೆ ಬಿಡಲು ಮರೆತಿರಬಹುದು.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಂತ ರೆಪ್ಲಿಕಾ ಪ್ರೈಮರಿಯನ್ನು ಕೆಡವಬಹುದಾದ ದಾರಿ ಇದು. ಗಿಟ್‌ಲ್ಯಾಬ್‌ಗೆ ಆದಂತೆ ವಾಲ್ ತುಂಡುಗಳು ಬೇಗ ಅಳಿಯದಿರಲೆಂದು ಪೋಸ್ಟ್‌ಗ್ರೆಸ್‌ನಲ್ಲಿ ಸ್ಲಾಟ್ ಎಂಬ ಏರ್ಪಾಡಿದೆ. ರೆಪ್ಲಿಕಾ ಇನ್ನೂ ಓದದ ತುಂಡನ್ನು ಪ್ರೈಮರಿ ಕೈಬಿಡದಂತೆ ಅದು ಹಿಡಿದಿಡುತ್ತದೆ. ಒಳ್ಳೆಯದೇ, ಆದರೆ ರೆಪ್ಲಿಕಾ ಸತ್ತಿದ್ದರೆ ತುಂಡುಗಳು ಕೂಡುತ್ತಲೇ ಹೋಗಿ ಪ್ರೈಮರಿಯ ಡಿಸ್ಕ್ ತುಂಬುತ್ತದೆ, ಪ್ರೈಮರಿಯೂ ನಿಲ್ಲುತ್ತದೆ. ಹೀಗಾಗಿ `df -h` ಹೊಡೆದು ಲೆಕ್ಕ ಹಾಕಬೇಕು. ಪ್ರೈಮರಿ ಗಂಟೆಗೆ 6 ಜಿಬಿ ವಾಲ್ ಬರೆಯುತ್ತದೆ, ಡಿಸ್ಕ್‌ನಲ್ಲಿ 90 ಜಿಬಿ ಖಾಲಿ ಇದೆ ಎಂದುಕೊಳ್ಳಿ. 15 ಗಂಟೆ ಸಿಗುತ್ತದೆ: ಬೆಳಗಿನವರೆಗೆ ಕಾಯಬಹುದು, ತಂಡ ಬಂದ ಮೇಲೆ ಹೊಸ ನಕಲು ತೆಗೆಯಬಹುದು. ಖಾಲಿ ಇರುವುದು 9 ಜಿಬಿಯಾದರೆ ಒಂದೂವರೆ ಗಂಟೆಯಷ್ಟೇ, ಆಗ ಎರಡನೆಯವರನ್ನು ಈಗಲೇ ಎಬ್ಬಿಸಬೇಕು. ಇಡೀ ರಾತ್ರಿಯ ವೇಗವನ್ನು ನಿರ್ಧರಿಸುವ ಲೆಕ್ಕ ಇದೊಂದೇ. ಗಂಟೆಗೆ ಎಷ್ಟು ವಾಲ್ ಎಂಬ ಅಂಕಿಯನ್ನು ಹಗಲೇ ಅಳೆದು ಪುಟದಲ್ಲಿ ಬರೆದಿಟ್ಟಿರಬೇಕು.

ಜಾಗ ಮಾಡಲೆಂದು ವಾಲ್ ಕಡತಗಳನ್ನು ಕೈಯಾರೆ ಅಳಿಸುವುದು ಮಾತ್ರ ಎಂದೂ ಕೂಡದು. ಮೊದಲು ಆ ಫೋಲ್ಡರಿನ ಹೆಸರು `pg_xlog` ಎಂದಿತ್ತು. ಬರೀ ಲಾಗ್ ಎಂದುಕೊಂಡು ಅಳಿಸಿ ಡೇಟಾಬೇಸ್ ಕೆಡಿಸಿಕೊಂಡವರು ಇದ್ದುದರಿಂದಲೇ 10ನೇ ಆವೃತ್ತಿಯಲ್ಲಿ ಅದನ್ನು `pg_wal` ಎಂದು ಬದಲಿಸಿದರು. ಸ್ಲಾಟನ್ನು ಕಿತ್ತರೆ ಪ್ರೈಮರಿ ಉಳಿಯುತ್ತದೆ, ಆದರೆ ರೆಪ್ಲಿಕಾವನ್ನು ಬಹುಪಾಲು ಮೊದಲಿನಿಂದ ಕಟ್ಟಬೇಕಾಗುತ್ತದೆ. ಆ ತೀರ್ಮಾನವನ್ನು ಒಬ್ಬರೇ ತೆಗೆದುಕೊಳ್ಳಬಾರದು. 13ನೇ ಆವೃತ್ತಿಯಿಂದ `max_slot_wal_keep_size` ಎಂಬ ಮಿತಿ ಹಾಕಲು ಬರುತ್ತದೆ. ಹಾಕದೇ ಬಿಟ್ಟರೆ ಮಿತಿಯೇ ಇಲ್ಲ.

ನಾಲ್ಕನೆಯದಾಗಿ ರೆಪ್ಲಿಕಾದ ಲಾಗ್‌ನ ಕೊನೆಯ ಸಾಲುಗಳನ್ನು ಓದಬೇಕು. ಸಂಪರ್ಕ ಸಿಗುತ್ತಿಲ್ಲ ಎಂದಿದ್ದರೆ ನೆಟ್‌ವರ್ಕ್ ಅಥವಾ ಪಾಸ್‌ವರ್ಡ್ ಕಡೆ ನೋಡಿ. ರೆಪ್ಲಿಕಾ ಪ್ರತಿ 5 ಸೆಕೆಂಡಿಗೊಮ್ಮೆ ತಾನೇ ಮತ್ತೆ ಮತ್ತೆ ಯತ್ನಿಸುತ್ತಿರುತ್ತದೆ, ಅಡ್ಡಿ ಹೋದೊಡನೆ ಹೊರಡುತ್ತದೆ. ಡಿಸ್ಕ್ ತುಂಬಿದೆ ಎಂದಿದ್ದರೆ ರೆಪ್ಲಿಕಾಕ್ಕೆ ಜಾಗ ಕೊಡಿ. ಆದರೆ `requested WAL segment … has already been removed` ಎಂಬ ಸಾಲು ಕಂಡರೆ, ಜೋಪಾನ ಮಾಡಿದ ವಾಲ್ ಬೇರೆಡೆ ಇಲ್ಲದ ಪಕ್ಷದಲ್ಲಿ ಏನು ಮಾಡಿದರೂ ಅದು ಚೇತರಿಸದು. ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುವುದು ವ್ಯರ್ಥ.

ಅಂದು ಗಿಟ್‌ಲ್ಯಾಬ್ ಈ ಕೊನೆಯ ಸ್ಥಿತಿಯಲ್ಲಿತ್ತು. ಹೊಸ ನಕಲು ತೆಗೆಯಲು `pg_basebackup` ಓಡಿಸಿದರು. ಮೊದಲು ಪ್ರೈಮರಿಯಲ್ಲಿ ಸಂಪರ್ಕಗಳ ಮಿತಿ ಅಡ್ಡ ಬಂತು, ಅದನ್ನು ಏರಿಸಿದರು. ಆಮೇಲೆ ಆಜ್ಞೆ ಏನೂ ಹೇಳದೆ ಸುಮ್ಮನೆ ಕೂತಿತು. ಅದು ಕೆಟ್ಟಿರಲಿಲ್ಲ. ನಕಲು ಶುರು ಮಾಡುವ ಮುನ್ನ ಪ್ರೈಮರಿ ಒಂದು ಚೆಕ್‌ಪಾಯಿಂಟ್ ಮುಗಿಸಲೆಂದು ಅದು ಕಾಯುತ್ತಿತ್ತು, ಹಾಗೆ ನಿಮಿಷಗಟ್ಟಲೆ ಕಾಯುವುದು ಸಹಜ. ಅವರ ರನ್‌ಬುಕ್‌ನಲ್ಲಿ ಆ ಮಾತು ಇರಲಿಲ್ಲ. ಫೋಲ್ಡರ್ ಖಾಲಿಯಿಲ್ಲದ್ದೇ ತೊಂದರೆ ಇರಬಹುದೆಂದು ಊಹಿಸಿ, ಅಳಿಸಲು ಹೋಗಿ, ತಪ್ಪು ಯಂತ್ರದಲ್ಲಿ ಅಳಿಸಿದರು. ಯುಟಿಸಿ ಪ್ರಕಾರ ಆಗ ರಾತ್ರಿ ಸುಮಾರು ಹನ್ನೊಂದೂವರೆ.

ಆ ಎಂಜಿನಿಯರರನ್ನು ನಾನು ದೂರುವುದಿಲ್ಲ. ಸುಮ್ಮನೆ ಕೂತ ಆಜ್ಞೆಗೆ ಕಾರಣ ಪುಟದಲ್ಲಿ ಇಲ್ಲದಿದ್ದರೆ, ರಾತ್ರಿ ಒಬ್ಬರೇ ಕೂತವರು ಕಾರಣವನ್ನು ಕಟ್ಟಿಕೊಳ್ಳುತ್ತಾರೆ. ಪುಟ ಬರೆಯುವವರ ಕೆಲಸವೇ ಆ ಜಾಗ ತುಂಬುವುದು: “ಇಲ್ಲಿ ಹತ್ತು ನಿಮಿಷ ಏನೂ ಕಾಣದಿರಬಹುದು, ಕಾಯಿರಿ” ಎಂಬ ಒಂದು ಸಾಲು. ಜೊತೆಗೆ ಆಜ್ಞೆಗೆ `-c fast -P -v` ಸೇರಿಸಿದರೆ ಚೆಕ್‌ಪಾಯಿಂಟ್ ಬೇಗ ಮುಗಿಯುತ್ತದೆ, ಎಲ್ಲಿಯವರೆಗೆ ಬಂತೆಂದು ಪರದೆಯಲ್ಲಿ ಕಾಣುತ್ತದೆ.

ಹಾಗಾದರೆ ಒಬ್ಬರೇ ಧೈರ್ಯವಾಗಿ ಮಾಡಬಹುದಾದದ್ದು ಏನು? ಹಳಸಿದ ದತ್ತಾಂಶ ಜನರಿಗೆ ಕಾಣದಂತೆ, ರೆಪ್ಲಿಕಾದಿಂದ ಓದುತ್ತಿದ್ದ ಆ್ಯಪ್‌ಗಳನ್ನು ಬೇರೆ ರೆಪ್ಲಿಕಾಕ್ಕೋ ಪ್ರೈಮರಿಗೋ ತಿರುಗಿಸಬಹುದು. ತಿರುಗಿಸಿದ ಮೇಲೆ ಪ್ರೈಮರಿಯ ಹೊರೆ ನೋಡುತ್ತಿರಬೇಕು. ಎರಡೂ ಕಡೆಯ ಲಾಗ್‌ಗಳನ್ನು ನಕಲಿಸಿಟ್ಟುಕೊಳ್ಳಬಹುದು. ತಡೆದದ್ದನ್ನು ಬಿಡಬಹುದು, ಅಡ್ಡ ಕೂತ ವರದಿಯ ಪ್ರಶ್ನೆಯನ್ನು ನಿಲ್ಲಿಸಬಹುದು. ರೆಪ್ಲಿಕಾವನ್ನು ಪ್ರೈಮರಿಯಾಗಿ ಏರಿಸುವುದು, ಪ್ರೈಮರಿಯನ್ನು ರೀಸ್ಟಾರ್ಟ್ ಮಾಡುವುದು, ಯಾವುದೇ ಫೋಲ್ಡರ್ ಅಳಿಸುವುದು, ಈ ಮೂರಕ್ಕೂ ಎರಡನೆಯವರು ಎಚ್ಚರವಾಗಿ ಪರದೆ ನೋಡುತ್ತಿರಬೇಕು. ಹಳೆಯ ಫೋಲ್ಡರ್ ದಾರಿಗೆ ಅಡ್ಡವಾದರೆ `rm` ಬಿಟ್ಟು `mv` ಬಳಸಿ ಹೆಸರು ಬದಲಿಸಿಡಬೇಕು. ತಪ್ಪು ಯಂತ್ರದಲ್ಲಿ ಹೆಸರು ಬದಲಿಸಿದರೂ ಸೇವೆ ನಿಲ್ಲಬಹುದು, ಆದರೆ 300 ಜಿಬಿ ಡಿಸ್ಕ್‌ನಲ್ಲೇ ಇರುತ್ತದೆ.

ಇವೆಲ್ಲಕ್ಕಿಂತ ಮೊದಲು ಕೊನೆಯ ಒಳ್ಳೆಯ ಬ್ಯಾಕಪ್ ಯಾವಾಗಿನದು ಎಂದು ನೋಡಬೇಕು, ಅದು ನಿಜವಾಗಿ ಅಲ್ಲಿದೆಯೇ ಎಂದೂ ನೋಡಬೇಕು. ಗಿಟ್‌ಲ್ಯಾಬ್‌ನಲ್ಲಿ ದಿನದ ಬ್ಯಾಕಪ್ ಓಡುತ್ತಿದೆ ಎಂದೇ ಎಲ್ಲರೂ ತಿಳಿದಿದ್ದರು. ಡೇಟಾಬೇಸ್ 9.6ರದ್ದು, ಬ್ಯಾಕಪ್ ತೆಗೆಯುವ ಉಪಕರಣ 9.2ರದ್ದು, ಪ್ರತಿ ಸಲವೂ ಅದು ಸೋಲುತ್ತಿತ್ತು. ಸೋತೆನೆಂದು ಕಳಿಸುತ್ತಿದ್ದ ಇಮೇಲ್‌ಗಳು ಯಾರನ್ನೂ ತಲುಪದೆ ತಿರಸ್ಕೃತವಾಗುತ್ತಿದ್ದವು. ಬ್ಯಾಕಪ್ ಇಡುವ ಜಾಗ ಖಾಲಿಯಾಗಿತ್ತು. ಅವರನ್ನು ಕಾಪಾಡಿದ್ದು, ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿದ್ದ ಡಿಸ್ಕ್ ಸ್ನ್ಯಾಪ್‌ಶಾಟ್. ಅದನ್ನು ನಿಧಾನಗತಿಯ ಡಿಸ್ಕ್‌ನಿಂದ ನಕಲಿಸಲು ಸುಮಾರು 18 ಗಂಟೆ ಹಿಡಿಯಿತು. ಜನರ ಕೋಡ್ ಉಳಿಯಿತು, ಆದರೆ ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಟಿಪ್ಪಣಿ ಮತ್ತು 700 ಹೊಸ ಬಳಕೆದಾರರ ಖಾತೆ ಹೋದವು.

ನಿಮ್ಮ ತಂಡದಲ್ಲಿ ಇಂಥ ಪುಟವಿದ್ದರೆ ನಾಳೆ ಹಗಲಿನಲ್ಲಿ ಅದನ್ನು ತೆರೆಯಿರಿ. ಪರೀಕ್ಷೆಗೆಂದು ಇಟ್ಟ ಒಂದು ರೆಪ್ಲಿಕಾವನ್ನು ಬೇಕೆಂದೇ ನಿಲ್ಲಿಸಿ, ಪುಟ ಬರೆಯದವರೊಬ್ಬರ ಕೈಗೆ ಅದನ್ನು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ, ಅಲ್ಲಿ ಒಂದು ಸಾಲು ಸೇರಿಸಿ.