ಹುಟ್ಟಿದ ದಿನಕ್ಕೆ ಎರಡು ಸಾಕ್ಷಿ

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಯಾವಾಗ? ಸೆಪ್ಟೆಂಬರ್ 15 ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ, ಆ ದಿನ ಇಂಜಿನಿಯರುಗಳ ದಿನವಲ್ಲವೇ. ತೊಡಕಿರುವುದು ವರ್ಷದಲ್ಲಿ. ಕೆಲವು ಕಡೆ 1860, ಕೆಲವು ಕಡೆ 1861.

ಹೊಸಬರಿಗೆ ಹತ್ತಿರದ ದಾರಿ ವಿಕಿಪೀಡಿಯ. ಆದರೆ ಅಲ್ಲಿ ನೋಡಬೇಕಾದದ್ದು ತಾರೀಖನ್ನಷ್ಟೇ ಅಲ್ಲ, ಅದರ ಪಕ್ಕದ ಪುಟ್ಟ ಅಂಕಿಯನ್ನು. ಅದನ್ನು ಒತ್ತಿದರೆ ತಾರೀಖು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಅಂಕಿಯೇ ಇಲ್ಲದಿದ್ದರೆ ಆ ತಾರೀಖನ್ನು ಇನ್ನೂ ನಂಬಬೇಡಿ. ಇಂಗ್ಲಿಷ್ ಪುಟದ ಪಟ್ಟಿಯಲ್ಲಿರುವ Wikidata item ತೆರೆದು, date of birth ಸಾಲಿನ ಕೆಳಗಿನ ಆಧಾರವನ್ನೂ ಓದಿ. ಅಲ್ಲಿ imported from Wikimedia project ಎಂದಷ್ಟೇ ಇದ್ದರೆ ಅದು ಎರಡನೆಯ ಸಾಕ್ಷಿಯಲ್ಲ, ಮೊದಲನೆಯದರದೇ ನಕಲು. ಹತ್ತು ಜಾಲತಾಣಗಳು ಒಂದೇ ತಾರೀಖು ಹೇಳಿದರೂ ಎಲ್ಲವೂ ಒಂದೇ ಕಡೆಯಿಂದ ಎತ್ತಿಕೊಂಡಿರಬಹುದು.

ಆದ್ದರಿಂದ ಬೇರೆ ಮೂಲದ ಇನ್ನೊಂದು ಸಾಕ್ಷಿ ಬೇಕು. ಮುದ್ರಿತ ವಿಶ್ವಕೋಶ ಆಗಬಹುದು. ಆ ವ್ಯಕ್ತಿ ಬದುಕಿದ್ದಾಗಲೇ ಹುಟ್ಟಿದ ದಾಖಲೆಯಾದರೆ ಇನ್ನೂ ಒಳ್ಳೆಯದು. ವಿಶ್ವೇಶ್ವರಯ್ಯನವರ ಜನ್ಮಶತಾಬ್ದಿಯ ಅಂಚೆಚೀಟಿ ಹೊರಬಂದದ್ದು 1960ರ ಸೆಪ್ಟೆಂಬರ್ 15ರಂದು. ಆಗ ಅವರು ಬದುಕಿದ್ದರು, ತೀರಿಕೊಂಡದ್ದು 1962ರಲ್ಲಿ. ಅಂದು ನೂರು ತುಂಬಿದ್ದರೆ ಹುಟ್ಟಿದ್ದು 1860. ಆದರೆ ನೂರನೆಯ ವರ್ಷಕ್ಕೆ ಕಾಲಿಟ್ಟ ದಿನವನ್ನೇ ಶತಾಬ್ದಿ ಎಂದು ಆಚರಿಸಿದ್ದರೆ 1861 ಕೂಡ ಹೊಂದುತ್ತದೆ. ಹಾಗಾಗಿ ದಿನ, ತಿಂಗಳನ್ನು ಧೈರ್ಯವಾಗಿ ಬರೆಯಿರಿ. ವರ್ಷಕ್ಕೆ ಬಂದಾಗ ‘1860 (ಕೆಲವೆಡೆ 1861)’ ಎಂದು ಎರಡನ್ನೂ ಕೊಡಿ.