ಕಂಪನಿಗೆ ಜಾಲತಾಣ: ಖರ್ಚು ಮತ್ತು ಗಡುವಿನ ಲೆಕ್ಕ

ಸ್ಟೀಲ್ ಪಾತ್ರೆಗಳ ಸಗಟು ವ್ಯಾಪಾರದ ಕಂಪನಿಯೊಂದು ಇಬ್ಬರು ಫ್ರೀಲಾನ್ಸರ್‌ಗಳಿಂದ 30 ಪುಟಗಳ ಜಾಲತಾಣ ಮಾಡಿಸುತ್ತದೆ ಎಂದುಕೊಳ್ಳಿ. ಅವರಿಂದ ಒಟ್ಟು ಮೊತ್ತ ಕೇಳುವ ಮೊದಲು ಗಂಟೆಗಳ ಲೆಕ್ಕ ಕೇಳಬೇಕು.

ವಿನ್ಯಾಸಕ್ಕೆ 60 ಗಂಟೆ, ನಿರ್ಮಾಣಕ್ಕೆ 120, ಮಾಹಿತಿ ತುಂಬಿ ಪರೀಕ್ಷಿಸಲು 40 ಎಂದರೆ ಒಟ್ಟು 220 ಗಂಟೆ. ಗಂಟೆಗೆ 600 ರೂಪಾಯಿಯಂತೆ 1,32,000 ರೂ. ನಡುವೆ ಬರುವ ಬದಲಾವಣೆಗಳಿಗೆಂದು ಶೇ. 15 ಸೇರಿಸಿದರೆ ಸುಮಾರು 1,52,000 ರೂ. ಡೊಮೇನ್ ಮತ್ತು ಹೋಸ್ಟಿಂಗ್‌ನ ವಾರ್ಷಿಕ ಶುಲ್ಕ ಬೇರೆ.

220 ಗಂಟೆ ಎಂದರೆ ಒಂದು ತಿಂಗಳ ಕೆಲಸ ಎನಿಸಬಹುದು. ಆದರೆ ಫ್ರೀಲಾನ್ಸರ್‌ಗಳಿಗೆ ಬೇರೆ ಗ್ರಾಹಕರೂ ಇರುತ್ತಾರೆ. ವಾರಕ್ಕೆ 20 ಗಂಟೆ ಕೊಟ್ಟರೆ, ಒಂದು ಹಂತ ಮುಗಿದ ಮೇಲೆ ಇನ್ನೊಂದರಂತೆ 3, 6 ಮತ್ತು 2 ವಾರ, ಒಟ್ಟು 11 ವಾರ ಬೇಕು. ಎರಡು ವಾರ ಹೆಚ್ಚುವರಿ ಇಟ್ಟುಕೊಳ್ಳುವುದು ಒಳಿತು.

ಹಣವನ್ನೂ ಈ ಹಂತಗಳಿಗೇ ಕಟ್ಟಬೇಕು. ಮುಂಗಡ ಶೇ. 20, ವಿನ್ಯಾಸ ಒಪ್ಪಿದಾಗ 30, ಪರೀಕ್ಷಾ ವಿಳಾಸದಲ್ಲಿ ಎಲ್ಲ ಪುಟಗಳೂ ತೆರೆದಾಗ 30, ಪಾಸ್‌ವರ್ಡ್‌ಗಳು ಕೈಗೆ ಬಂದಾಗ ಉಳಿದ 20. ನಿರ್ಮಾಣ ಅರ್ಧಕ್ಕೆ ಬಂದರೂ ಬರೀ ಚಿತ್ರಗಳನ್ನೇ ಕಳಿಸುತ್ತಿದ್ದರೆ ಕೆಲಸ ಹಿಂದೆ ಬಿದ್ದಿದೆ ಎಂದೇ ತಿಳಿಯಬೇಕು. ಡೊಮೇನ್ ಮೊದಲ ದಿನದಿಂದಲೇ ಕಂಪನಿಯ ಹೆಸರಿನಲ್ಲಿರಲಿ. ಇಲ್ಲವಾದರೆ ಜಗಳವಾದ ದಿನ ವಿಳಾಸವೇ ಕೈತಪ್ಪಬಹುದು.

ತಡ ಮಾಲೀಕರ ಕಡೆಯಿಂದಲೂ ಆಗುತ್ತದೆ. ಪಾತ್ರೆಗಳ ಫೋಟೋ, ಅಳತೆ, ದರಪಟ್ಟಿ ಸಿಗದೆ ಪುಟ ತುಂಬಲಾಗದು. ಅವುಗಳನ್ನು ಕೊಡುವ ದಿನಾಂಕವನ್ನೂ ಒಪ್ಪಂದದಲ್ಲಿ ಬರೆಯಬೇಕು.