ಚೌಕದ ನಾಲ್ಕು ಮೂಲೆ, ಆರು ಜೋಡಿ, ಒಂದು ಅರ್ಧದ ಜಗಳ

ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿಂದು ಆವೇಶಗಳನ್ನು ತಂದಿರಿಸಲು ಎಷ್ಟು ಕೆಲಸ ಮಾಡಬೇಕು? ದ್ವಿತೀಯ ಪಿಯುಸಿ ಭೌತಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ಬಿಡಿಸಿ ತೋರಿಸಿರುವ ಲೆಕ್ಕಗಳಲ್ಲಿ ಇದೂ ಒಂದು. 2010ರ ದಶಕದ ಆರಂಭದಲ್ಲಿ ರಾಜ್ಯದ ಪಿಯು ವಿಜ್ಞಾನ ತರಗತಿಗಳಿಗೆ ಎನ್‌ಸಿಇಆರ್‌ಟಿ ಪಠ್ಯ ಬಂದಂದಿನಿಂದ ಬೆಂಗಳೂರಿನ ವಿದ್ಯಾರ್ಥಿಯೂ ಮಾಲೂರು, ಟೇಕಲ್ ಕಡೆಯ ವಿದ್ಯಾರ್ಥಿಯೂ ಬರೆಯುವುದು ಒಂದೇ ಚಿತ್ರ: ABCD ಎಂಬ ಚೌಕ, A ಮತ್ತು C ಮೂಲೆಗಳಲ್ಲಿ +q, B ಮತ್ತು D ಮೂಲೆಗಳಲ್ಲಿ −q, ಬದಿಯ ಉದ್ದ d. ಉತ್ತರ −(4 − √2)kq²/d. ಇಲ್ಲಿ k ಎಂದರೆ 9 × 10⁹, ಕೂಲಂ ನಿಯಮದ ಸ್ಥಿರಾಂಕ. ಪರೀಕ್ಷೆ ಹತ್ತಿರ ಬಂದಾಗ ಈ ಉತ್ತರ ಬಾಯಿಪಾಠವಾಗಿ ಉಳಿಯುತ್ತದೆ. ಆವೇಶಗಳನ್ನು ಒಂದೊಂದಾಗಿ ತಂದಿಡುವ ಕ್ರಮ ಮರೆತುಹೋಗುತ್ತದೆ. ಲೆಕ್ಕದ ಜೀವ ಇರುವುದು ಮರೆತುಹೋಗುವ ಆ ಭಾಗದಲ್ಲೇ.

ಲೆಕ್ಕದ ಬೇರು 1785ರಲ್ಲಿದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ಆಗಿದ್ದ ಶಾರ್ಲ್ ಕೂಲಂ ತಿರುಚು ತಕ್ಕಡಿಯಿಂದ ಅಳೆದು, ಎರಡು ಆವೇಶಗಳ ನಡುವಿನ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂದು ತೋರಿಸಿದ. ಬಲ ಗೊತ್ತಾದರೆ ಕೆಲಸ ತಿಳಿಯಲು ಹಾದಿಯುದ್ದಕ್ಕೂ ಆ ಬಲವನ್ನು ಕೂಡಿಸುತ್ತ ಹೋಗಬೇಕು. ಆದರೆ ಕೂಲಂ ಬಲಕ್ಕೆ ಒಂದು ಅನುಕೂಲವಿದೆ: ಕೆಲಸದ ಮೊತ್ತ ಹಾದಿಯನ್ನು ಅವಲಂಬಿಸುವುದಿಲ್ಲ. ಟೇಕಲ್ ಬೆಟ್ಟದ ನೆತ್ತಿಗೆ ಒಂದು ಕಲ್ಲನ್ನು ನೇರವಾಗಿ ಏರಿಸಿದರೂ ಸುತ್ತು ಹಾದಿಯಲ್ಲಿ ಸಾಗಿಸಿದರೂ ಗುರುತ್ವದ ವಿರುದ್ಧ ಮಾಡುವ ಕೆಲಸ ಎತ್ತರಕ್ಕೆ ತಕ್ಕಷ್ಟೇ ಆಗುವ ಹಾಗೆ. ಆದ್ದರಿಂದ ಪ್ರತಿ ಜಾಗಕ್ಕೂ ಒಂದು ಸಂಖ್ಯೆಯನ್ನು ಕಟ್ಟಿಕೊಡಬಹುದು. ಒಂದು ಕೂಲಂ ಆವೇಶವನ್ನು ಅನಂತ ದೂರದಿಂದ ಅಲ್ಲಿಗೆ ನಿಧಾನವಾಗಿ ತರಲು ಬೇಕಾದ ಕೆಲಸವೇ ಆ ಸಂಖ್ಯೆ. ಅದನ್ನು ವಿಭವ ಎನ್ನುತ್ತಾರೆ. q ಆವೇಶದಿಂದ r ದೂರದಲ್ಲಿ ವಿಭವ kq/r. ಎರಡು ಆವೇಶಗಳ ಜೋಡಿಯ ಪ್ರಚ್ಛನ್ನ ಶಕ್ತಿ kq₁q₂/r. ಬಲದ ಸೂತ್ರದಲ್ಲಿ r². ಇಲ್ಲಿ ಬರಿಯ r.

ಈ ಸಂಖ್ಯೆಯನ್ನು ವಿದ್ಯುತ್ತಿನ ಲೆಕ್ಕಕ್ಕೆ ಪ್ಯಾರಿಸ್ಸಿನ ಪೊಯಸ್ಸೋನ್ 1812ರ ಸುಮಾರಿಗೆ ತಂದ. 1828ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಜಾರ್ಜ್ ಗ್ರೀನ್ ಅದಕ್ಕೆ ಹೆಸರನ್ನೂ ಪ್ರಮೇಯಗಳನ್ನೂ ಕೊಟ್ಟ. ಗಾಳಿಗಿರಣಿ ನಡೆಸುತ್ತಿದ್ದ ಗ್ರೀನ್ ತನ್ನ ಪ್ರಬಂಧವನ್ನು ಚಂದಾದಾರರನ್ನು ಹಿಡಿದು ಅಚ್ಚು ಹಾಕಿಸಿದ. ಕೊಂಡವರು ಸುಮಾರು ಐವತ್ತು ಮಂದಿ. ಆತ ಸತ್ತ ಮೇಲೆ, 1845ರಲ್ಲಿ, ವಿಲಿಯಂ ಥಾಮ್ಸನ್ ಕೇಂಬ್ರಿಜ್‌ನಲ್ಲಿ ಆ ಪ್ರಬಂಧದ ಪ್ರತಿ ಸಂಪಾದಿಸಿ ಹೊರಗೆ ತರದೇ ಹೋಗಿದ್ದರೆ ಅದು ಅಲ್ಲಿಯೇ ಧೂಳು ಹಿಡಿಯುತ್ತಿತ್ತು.

ವಿಭವ ಕೈಗೆ ಬಂದರೆ ಚೌಕವನ್ನು ಕಟ್ಟುವುದು ನಾಲ್ಕು ಹೆಜ್ಜೆಯ ಕೆಲಸ. q ಎಂದರೆ 2 ಮೈಕ್ರೊಕೂಲಂ, ಬದಿ 30 ಸೆಂ.ಮೀ. ಎಂದಿಟ್ಟುಕೊಂಡರೆ kq²/d ಎಂಬುದು 0.12 ಜೂಲ್ ಆಗುತ್ತದೆ. ಮುಂದಿನದೆಲ್ಲ ಈ 0.12ರ ಗುಣಕಗಳೇ.

ಮೊದಲ +qಯನ್ನು Aಗೆ ತರುವಾಗ ಸುತ್ತ ಬೇರೇನೂ ಇಲ್ಲ, ಕೆಲಸ ಸೊನ್ನೆ. ಎರಡನೆಯದಾಗಿ −qಯನ್ನು Bಗೆ ತರುವಾಗ A ಅದನ್ನು ಎಳೆದುಕೊಳ್ಳುತ್ತದೆ. ತರುವವರು ಹಿಂದಕ್ಕೆ ಹಿಡಿದುಕೊಂಡೇ ಬರಬೇಕಾದ್ದರಿಂದ ಕೆಲಸ ಋಣ: −0.12 ಜೂಲ್. ಮೂರನೆಯದಾಗಿ +qಯನ್ನು Cಗೆ ತರುವಾಗ ಎರಡು ಲೆಕ್ಕ ಸೇರುತ್ತವೆ. ಬದಿಯಷ್ಟು ದೂರದ B ಎಳೆಯುತ್ತದೆ. ಕರ್ಣದಷ್ಟು, ಅಂದರೆ √2 d ದೂರದ A ತಳ್ಳುತ್ತದೆ. ಎಳೆತ −0.12, ತಳ್ಳುವಿಕೆ +0.085, ಉಳಿದದ್ದು −0.035. ಕೊನೆಯ −q, Dಗೆ ಬರುವಾಗ A ಮತ್ತು C ಎರಡೂ ಬದಿಯ ದೂರದಿಂದ ಎಳೆಯುತ್ತವೆ, B ಕರ್ಣದ ಆಚೆಯಿಂದ ತಳ್ಳುತ್ತದೆ: −0.24 + 0.085 = −0.155. ಒಟ್ಟು −0.31 ಜೂಲ್. ಇದೇ −(4 − √2) × 0.12. ನಾಲ್ಕು ಎಂಬುದು ನಾಲ್ಕು ಬದಿಗಳಿಂದ ಬಂದದ್ದು, √2 ಎರಡು ಕರ್ಣಗಳಿಂದ.

ಕ್ರಮ ಬದಲಿಸಿದರೆ ಬಿಡಿ ಅಂಕಿಗಳು ಬದಲಾಗುತ್ತವೆ, ಮೊತ್ತ ಬದಲಾಗುವುದಿಲ್ಲ. ಮೊದಲು A, ಆಮೇಲೆ C ಎಂದು ಎರಡೂ ಧನ ಆವೇಶಗಳನ್ನೇ ತಂದರೆ ಎರಡನೇ ಹೆಜ್ಜೆಯಲ್ಲಿ ಒತ್ತಿ ತಳ್ಳಬೇಕು, ಕೆಲಸ +0.085. ಆದರೆ ಆಮೇಲೆ Bಗೆ ಬರುವ −q ಒಂದೇ ಏಟಿಗೆ −0.24 ಕೊಡುತ್ತದೆ, D ಮೊದಲಿನಂತೆಯೇ −0.155. ಕೂಡಿಸಿದರೆ ಮತ್ತೆ −0.31. ಹೀಗಾಗಿ ತಂದ ಕ್ರಮವನ್ನು ಬಿಟ್ಟು ನೇರವಾಗಿ ಜೋಡಿಗಳನ್ನೇ ಎಣಿಸಬಹುದು. ನಾಲ್ಕು ಆವೇಶಗಳಿಗೆ ಆರು ಜೋಡಿ. ಪ್ರತಿ ಜೋಡಿಯೂ ಒಂದೇ ಒಂದು ಸಲ.

ಈ ‘ಒಂದೇ ಒಂದು ಸಲ’ ಎಂಬುದರ ಮೇಲೆ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಬ್ಬರು ದೊಡ್ಡವರು ಜಟಾಪಟಿಗೆ ಬಿದ್ದರು. 1847ರ ಜುಲೈನಲ್ಲಿ, ಪಾಟ್ಸ್‌ಡ್ಯಾಮಿನಲ್ಲಿ ಸೇನೆಯ ವೈದ್ಯನಾಗಿದ್ದ ಇಪ್ಪತ್ತೈದರ ಹರೆಯದ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಬರ್ಲಿನ್ನಿನ ಭೌತಶಾಸ್ತ್ರ ಸಂಘದಲ್ಲಿ ಶಕ್ತಿಯ ಸಂರಕ್ಷಣೆಯ ಬಗ್ಗೆ ಪ್ರಬಂಧ ಓದಿದ. ಪೊಗೆನ್‌ಡೋರ್ಫ್ ತನ್ನ ಪತ್ರಿಕೆಯಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಅದು ಬಿಡಿ ಪುಸ್ತಿಕೆಯಾಗಿ ಹೊರಬಂತು. ಅದರ ವಿದ್ಯುತ್ತಿನ ಭಾಗದಲ್ಲಿ ಹೆಲ್ಮ್‌ಹೋಲ್ಟ್ಸ್, ಒಂದು ಕಾಯದೊಳಗಿನ ಆವೇಶಗಳು ತಮ್ಮತಮ್ಮಲ್ಲೇ ಉಂಟುಮಾಡುವ ವಿಭವವನ್ನು ಕೂಡಿಸುವಾಗ ಪ್ರತಿ ಜೋಡಿಯೂ ಎರಡು ಸಲ ಬರುವಂತೆ ಕೂಡಿಸಿದ: ಒಮ್ಮೆ ಇದರ ಕಡೆಯಿಂದ, ಒಮ್ಮೆ ಅದರ ಕಡೆಯಿಂದ. ಶಕ್ತಿ ಬರೆಯುವಾಗ ಆ ಮೊತ್ತದ ಅರ್ಧ ತೆಗೆದುಕೊಂಡ. 1852ರಲ್ಲಿ ರುಡಾಲ್ಫ್ ಕ್ಲಾಸಿಯಸ್ ವಿದ್ಯುತ್ ವಿಸರ್ಜನೆಯಿಂದ ಹುಟ್ಟುವ ಶಾಖವನ್ನು ಲೆಕ್ಕ ಹಾಕುವಾಗ ವಿಭವ ಎಂಬ ಅದೇ ಹೆಸರನ್ನು ಜೋಡಿ ಒಂದೇ ಸಲ ಬರುವ ಮೊತ್ತಕ್ಕೆ ಇಟ್ಟ. ಹೆಸರು ಒಂದು, ಬೆಲೆ ಎರಡು. ಮುಂದೆ ಕ್ಲಾಸಿಯಸ್ ಹೆಲ್ಮ್‌ಹೋಲ್ಟ್ಸ್‌ನ ಪುಸ್ತಿಕೆಯ ಕೆಲವು ಭಾಗಗಳನ್ನು ಹಿಡಿದು ಟೀಕಿಸಿದ. 1854ರಲ್ಲಿ ಹೆಲ್ಮ್‌ಹೋಲ್ಟ್ಸ್ ಉತ್ತರ ಕೊಟ್ಟ. ಪುಸ್ತಿಕೆಗೆ ಜಾಗ ಸಿಗದಿದ್ದ ಪೊಗೆನ್‌ಡೋರ್ಫ್‌ನ ಪತ್ರಿಕೆಯಲ್ಲೇ ಈ ಸವಾಲು ಜವಾಬುಗಳು ಅಚ್ಚಾದವು.

1873ರಲ್ಲಿ ಮ್ಯಾಕ್ಸ್‌ವೆಲ್ ತನ್ನ ಗ್ರಂಥದಲ್ಲಿ ಶಕ್ತಿಯನ್ನು, ಪ್ರತಿ ಆವೇಶವನ್ನೂ ಅದಿರುವ ಜಾಗದ ವಿಭವದಿಂದ ಗುಣಿಸಿ ಕೂಡಿಸಿದ ಮೊತ್ತದ ಅರ್ಧ ಎಂದು ಬರೆದ. ಆ ಅರ್ಧ ಎಲ್ಲಿಂದ ಬಂತೆಂಬುದು ಚೌಕದಲ್ಲಿ ಕಣ್ಣಿಗೆ ಕಾಣುತ್ತದೆ. ನಾಲ್ಕೂ ಆವೇಶಗಳು ನೆಲೆಸಿದ ಮೇಲೆ A ಮೂಲೆಯಲ್ಲಿ ಉಳಿದ ಮೂರರಿಂದ ಆಗುವ ವಿಭವ −1.293 kq/d. ಅದನ್ನು qನಿಂದ ಗುಣಿಸಿ, ನಾಲ್ಕೂ ಮೂಲೆಗಳಿಗೆ ಕೂಡಿಸಿದರೆ −5.17 kq²/d. ನಮ್ಮ ಅಂಕಿಗಳಲ್ಲಿ −0.62 ಜೂಲ್, ಬೇಕಾದದ್ದರ ಸರಿಯಾಗಿ ಇಮ್ಮಡಿ. AB ಜೋಡಿ ಒಮ್ಮೆ Aಯ ಲೆಕ್ಕದಲ್ಲೂ ಒಮ್ಮೆ Bಯ ಲೆಕ್ಕದಲ್ಲೂ ಬಂದುಬಿಟ್ಟಿದೆ. ಅರ್ಧ ಮಾಡಿದರೆ −0.31. ಇಂದು ಪಾಠಪುಸ್ತಕಗಳಲ್ಲಿ ಜೋಡಿಗಳ ಮೊತ್ತ ಒಂದು ಕಡೆ, ಅರ್ಧವಿರುವ ಸೂತ್ರ ಇನ್ನೊಂದು ಕಡೆ ಇರುತ್ತವೆ. ಎರಡನ್ನೂ ಹೊಂದಿಸಲು ಒಂದು ಕಾಲದಲ್ಲಿ ಪತ್ರಿಕೆಯ ಪುಟಗಳಲ್ಲೇ ವಾದ ನಡೆಯಬೇಕಾಯಿತೆಂಬ ಸಂಗತಿ ಮಾತ್ರ ಎಲ್ಲೂ ಇಲ್ಲ.

ಉತ್ತರಪತ್ರಿಕೆಯಲ್ಲಿ ಆಗುವ ತಪ್ಪುಗಳಲ್ಲಿ ಒಂದು ಇದೇ ಇಮ್ಮಡಿ. ಇನ್ನೊಂದು, ಕರ್ಣಕ್ಕೂ d ಎಂದೇ ಬರೆಯುವುದು. ಆಗ −4 + 2 ಎಂದಾಗಿ −0.24 ಜೂಲ್ ಬರುತ್ತದೆ. ಉತ್ತರದಲ್ಲಿ √2 ಇಲ್ಲದಿದ್ದರೆ ಕರ್ಣವನ್ನೇ ಮೊದಲು ಶಂಕಿಸಬೇಕು. ಮೂರನೆಯದು, ಚಿಹ್ನೆಯನ್ನು ಬಿಟ್ಟು ಅಳತೆಯನ್ನಷ್ಟೇ ಕೂಡಿಸುವುದು. ನಾಲ್ಕೂ ಆವೇಶಗಳು ಧನವಾಗಿದ್ದರೆ ಮಾತ್ರ 4 + √2 ಸರಿ. ಆಗ ಕೆಲಸ +0.65 ಜೂಲ್. ಎರಡು ಧನ, ಎರಡು ಋಣ ಎಂದಷ್ಟೇ ಹೇಳಿದರೂ ಸಾಲದು. ಧನಗಳು A, Bಗಳಲ್ಲಿ, ಋಣಗಳು C, Dಗಳಲ್ಲಿ ಅಕ್ಕಪಕ್ಕ ಕುಳಿತರೆ ನಾಲ್ಕು ಬದಿಗಳ ಲೆಕ್ಕ ತಮ್ಮತಮ್ಮಲ್ಲೇ ಹೊಡೆದುಹೋಗಿ, ಎರಡು ಕರ್ಣಗಳ −√2 ಮಾತ್ರ ಉಳಿಯುತ್ತದೆ: −0.17 ಜೂಲ್. ತಂದ ಕ್ರಮ ಲೆಕ್ಕಕ್ಕಿಲ್ಲ, ಕೂರಿಸಿದ ಜಾಗ ಲೆಕ್ಕಕ್ಕಿದೆ.

ಪಠ್ಯದ ಎರಡನೇ ಪ್ರಶ್ನೆ, ಚೌಕದ ನಡುವಿಗೆ ಮತ್ತೊಂದು ಆವೇಶ ತರಲು ಎಷ್ಟು ಕೆಲಸ ಎಂಬುದು. ನಡುಬಿಂದು ನಾಲ್ಕೂ ಮೂಲೆಗಳಿಂದ ಸಮದೂರದಲ್ಲಿದೆ. ಎರಡು ಧನ, ಎರಡು ಋಣ ಸರಿದೂಗಿ ವಿಭವ ಸೊನ್ನೆ, ಕೆಲಸವೂ ಸೊನ್ನೆ. ದಾರಿಯಲ್ಲಿ ಬಲವೇ ಇರಲಿಲ್ಲ ಎಂದು ಇದರ ಅರ್ಥವಲ್ಲ. ಹಾಕಿದ್ದು, ಪಡೆದದ್ದು ಕೊನೆಗೆ ಸಮವಾಗಿವೆ ಎಂದಷ್ಟೇ.

ಲೆಕ್ಕಕ್ಕೆ ಕೆಲವು ಮಿತಿಗಳಿವೆ. ಆವೇಶಗಳನ್ನು ತಂದಿಟ್ಟರೆ ಅವು ತಾವಾಗಿ ಅಲ್ಲಿ ನಿಲ್ಲುವುದಿಲ್ಲ. ಧನ ಋಣ ಸರದಿಯ ಚೌಕದಲ್ಲಿ ಪ್ರತಿ ಮೂಲೆಯ ಆವೇಶವೂ ಸುಮಾರು 0.91 kq²/d² ಬಲದಿಂದ ಒಳಕ್ಕೆ ಎಳೆಯಲ್ಪಡುತ್ತದೆ; ಯಾರಾದರೂ ಹಿಡಿದಿರಲೇಬೇಕು. ಸ್ಥಿರವಿದ್ಯುತ್ ಬಲವೊಂದರಿಂದಲೇ ಆವೇಶಗಳು ಭದ್ರವಾಗಿ ನಿಲ್ಲಲಾರವೆಂದು ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲೇ ತೋರಿಸಿದ್ದ. ಇನ್ನು 2 ಮೈಕ್ರೊಕೂಲಂ ಎಂಬುದು ಕಾಗದದ ಮೇಲಷ್ಟೇ ಚಿಕ್ಕದು. ಗಾಳಿಯಲ್ಲಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಕಿಡಿ ಹಾರುವುದರಿಂದ, 1 ಸೆಂ.ಮೀ. ತ್ರಿಜ್ಯದ ಗುಂಡು ಹೆಚ್ಚೆಂದರೆ 0.03 ಮೈಕ್ರೊಕೂಲಂ ಹಿಡಿದೀತು. ಕೊನೆಯದಾಗಿ, ಒಂದೊಂದು ಆವೇಶವನ್ನೂ ಮೊದಲಿಗೆ ಒಂದು ಬಿಂದುವಿಗೆ ಅದುಮಿಡಲು ಬೇಕಾದ ಕೆಲಸ ಈ ಮೊತ್ತದಲ್ಲಿ ಸೇರಿಲ್ಲ. ಗಾತ್ರವಿಲ್ಲದ ಬಿಂದುವಿಗೆ ಅದು ಅನಂತವಾಗುತ್ತದೆ. ಆವೇಶಗಳು ಸಿದ್ಧವಾಗಿಯೇ ಬಂದವೆಂದು ಒಪ್ಪಿಕೊಂಡು ಜೋಡಿಗಳ ಲೆಕ್ಕ ಶುರುವಾಗುತ್ತದೆ.

ಈ ಮಿತಿಗಳಿಗೆ ಹೆಚ್ಚು ಸಿಕ್ಕಿಕೊಳ್ಳದ ಚೌಕ ಅಡುಗೆ ಉಪ್ಪಿನ ಹರಳಿನಲ್ಲಿದೆ. ಸೋಡಿಯಂ ಮತ್ತು ಕ್ಲೋರಿನ್ ಅಯಾನುಗಳು ಅಲ್ಲಿ ಮೂಲೆಯಿಂದ ಮೂಲೆಗೆ ಸರದಿಯಂತೆ ಕೂರುತ್ತವೆ, ಬದಿ 2.82 ಆಂಗ್‌ಸ್ಟ್ರಮ್. ತೀರ ಹತ್ತಿರ ಬಂದಾಗ ಅಯಾನುಗಳ ನಡುವೆ ಹುಟ್ಟುವ ಬೇರೊಂದು ವಿಕರ್ಷಣೆ ಅವನ್ನು ಕುಸಿಯಗೊಡುವುದಿಲ್ಲ. ವಿದ್ಯುತ್ತಿನ ಪಾಲನ್ನಷ್ಟೇ ಎಣಿಸಿದರೆ, ಒಂಟಿ ಸೋಡಿಯಂ–ಕ್ಲೋರಿನ್ ಜೋಡಿಯ ಶಕ್ತಿ −5.1 ಎಲೆಕ್ಟ್ರಾನ್ ವೋಲ್ಟ್. ಎರಡು ಜೋಡಿ ಸೇರಿ ಚೌಕವಾದಾಗ ಒಟ್ಟು −13.2, ಅಂದರೆ ಜೋಡಿಯೊಂದಕ್ಕೆ −6.6. ಇಡೀ ಹರಳಿಗೆ ಇದೇ ಮೊತ್ತವನ್ನು ದಿಕ್ಕುದಿಕ್ಕಿಗೂ ಹರಡಿ ಕೂಡಿಸುವ ಬಗೆಯನ್ನು ಜರ್ಮನಿಯ ಎರ್ವಿನ್ ಮಾಡೆಲುಂಗ್ 1918ರಲ್ಲಿ ಕೊಟ್ಟ. ಉಪ್ಪಿಗೆ 4 − √2ರ ಅರ್ಧದ ಜಾಗದಲ್ಲಿ ಜೋಡಿಯೊಂದಕ್ಕೆ 1.7476 ಎಂಬ ಅಂಕಿ ಬಂದು, ಶಕ್ತಿ −8.9 ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ. ಎಣಿಕೆಯ ನಿಯಮ ಚೌಕದಲ್ಲಿದ್ದದ್ದೇ: ಪ್ರತಿ ಜೋಡಿಯೂ ಒಂದು ಸಲ, ಅದರದರ ದೂರಕ್ಕೆ ತಕ್ಕಂತೆ, ಅದರದರ ಚಿಹ್ನೆಯೊಡನೆ.